ಟ್ಯೂಷನ್ ರಿಸಲ್ಟಿಗೆ ಒಕ್ಕಣೆ ಬರೆಯುವ ಕ್ರಮ

ಫಲಿತಾಂಶ ಬರಲಿ ಅಂತ ಕಾಯಬೇಡಿ. ಎಸ್ಸೆಸ್ಸೆಲ್ಸಿ ರಿಸಲ್ಟು karresults.nic.in ನಲ್ಲಿ ತೆರೆದುಕೊಳ್ಳುವ ಹೊತ್ತಿಗೆ ನಿಮ್ಮ ಫ್ಲೆಕ್ಸು ಮುಕ್ಕಾಲು ಪಾಲು ಸಿದ್ಧವಾಗಿರಬೇಕು. ಪ್ರಿಂಟಿಂಗ್ ಅಂಗಡಿಯ ಹುಡುಗನಿಗೆ ವಾರ ಮೊದಲೇ ಹೇಳಿಡಿ: ಮೇಲುಗಡೆ ‘ಅಭೂತಪೂರ್ವ ಸಾಧನೆ’, ಕೆಳಗಡೆ ‘ಅಡ್ಮಿಷನ್ ಆರಂಭವಾಗಿದೆ’, ಬಲಗಡೆ ಕೈಕಟ್ಟಿ ನಿಂತ ನಿಮ್ಮ ಫೋಟೊ. ನಡುವೆ ಒಂದು ಮಗುವಿನಷ್ಟು ಜಾಗ ಬಿಡಿಸಿ. ಆ ಜಾಗಕ್ಕೆ ಯಾರು ಬರುತ್ತಾರೆ ಅನ್ನುವುದನ್ನು ಮಂಡಳಿ ತೀರ್ಮಾನಿಸುತ್ತದೆ. ಯಾಕೆ ಬಂದರು ಅನ್ನುವುದನ್ನು ನೀವು ತೀರ್ಮಾನಿಸಿ. ಈ ಲೇಖನ ಇರುವುದು ಆ ಎರಡನೆಯ ಕೆಲಸಕ್ಕೆ.

ಮೊದಲು ಶೇಕಡಾ ನೂರು ಸಾಧಿಸಿ. ಇದಕ್ಕೆ ಪಾಠ ಮಾಡಬೇಕಾಗಿಲ್ಲ, ಭಾಗಾಕಾರ ಬಂದರೆ ಸಾಕು. ನಿಮ್ಮದು ಮದ್ದೂರಿನಲ್ಲಿ ಒಂದು ಮಹಡಿ ಮೇಲಿನ ಕ್ಲಾಸು, ಜೂನ್‌ನಲ್ಲಿ ಸೇರಿದವರು 60 ಮಂದಿ ಎಂದಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ 49 ಮಂದಿ ಪಾಸು, 11 ಮಂದಿ ಫೇಲು. ದಡ್ಡ ಮೇಷ್ಟ್ರು ಇಲ್ಲಿಗೇ ಪೆನ್ನು ಕೆಳಗಿಟ್ಟು ‘ಸುಮಾರು 82’ ಅಂತ ಬರೆದುಬಿಡುತ್ತಾನೆ. ನೀವು ಹಾಗೆ ಮಾಡಬೇಡಿ. ಜನವರಿಯಲ್ಲಿ ನೀವೇ ಏಳು ಜನರ ತಂದೆತಾಯಿಯನ್ನು ಕರೆಸಿ ‘ಇವನನ್ನ ಮನೇಲೇ ಕೂರಿಸಿ ಓದ್ಸಿ, ಅವನಿಗೇ ಒಳ್ಳೇದು’ ಅಂತ ಕಳಿಸಿದ್ದಿರಲ್ಲ, ಆ ಏಳನ್ನು ಮೊದಲು ಕಳೆಯಿರಿ. ಉಳಿದದ್ದು 53. ಅದರಲ್ಲಿ ಆರು ಮಂದಿ ಫೇಲಾಗಿದ್ದಾರೆ. ಅವರ ಹಾಜರಾತಿ ತೆಗೆದು ನೋಡಿ, ಯಾವುದಾದರೂ ಒಂದು ತಿಂಗಳು ಕಡಿಮೆ ಇದ್ದೇ ಇರುತ್ತದೆ. ‘ರೆಗ್ಯುಲರ್ ಅಲ್ಲ’ ಅಂತ ಬರೆದು ಅವರನ್ನೂ ಕಳೆಯಿರಿ. ಈಗ 47ಕ್ಕೆ 47.

ಇಲ್ಲಿ ನಿಲ್ಲಬೇಡಿ. ಜನವರಿಯಲ್ಲಿ ಕಳಿಸಿದ ಏಳು ಮಂದಿಯಲ್ಲಿ ಇಬ್ಬರು ಹೇಗೋ ಪಾಸಾಗಿರುತ್ತಾರೆ. ಅವರನ್ನು ಗೌರವದಿಂದ ವಾಪಸ್ ಕರೆದುಕೊಳ್ಳಿ, 49ಕ್ಕೆ 49. ಪರೀಕ್ಷೆಗೆ ಹದಿನೈದು ದಿನ ಇರುವಾಗ ಕ್ರಾಷ್ ಕೋರ್ಸಿಗೆ ಬಂದವರು 20, ಅವರಲ್ಲಿ ಪಾಸಾದವರು 18. ಹದಿನೆಂಟನ್ನು ಕೂಡಿ, ಎರಡನ್ನು ಮರೆಯಿರಿ. 67ಕ್ಕೆ 67. ಹನ್ನೊಂದು ಮಕ್ಕಳು ಫೇಲಾದ ಒಂದು ಕ್ಲಾಸು ಮಧ್ಯಾಹ್ನದ ಊಟದ ಹೊತ್ತಿಗೆ ಶೇಕಡಾ ನೂರಾಗಿ, ಸೇರಿದ್ದಕ್ಕಿಂತ ಏಳು ಜನ ಹೆಚ್ಚಿಗೆ ಪಾಸಾಗಿರುತ್ತಾರೆ. ಒಟ್ಟು ಎಷ್ಟು ಜನ ಸೇರಿದ್ದರು ಅನ್ನುವ ಸಂಖ್ಯೆಯನ್ನು ಮಾತ್ರ ಫ್ಲೆಕ್ಸಿನಲ್ಲಿ ಎಲ್ಲಿಯೂ ಹಾಕಬೇಡಿ. ಶೇಕಡಾವಾರನ್ನು ನಂಬುವ ತಂದೆತಾಯಿ ಕೆಳಗಿನ ಅಂಕಿ ಕೇಳುವುದಿಲ್ಲ. ಕೇಳುವವರು ಹೇಗೂ ನಿಮ್ಮಲ್ಲಿಗೆ ಸೇರಿಸುವವರಲ್ಲ.

ಇನ್ನು ಕೀರ್ತಿಯ ವಿಚಾರ. ಇದು ಸ್ವಲ್ಪ ಸೂಕ್ಷ್ಮ, ನಿಧಾನವಾಗಿ ಓದಿ.

ಕೆ.ಎಂ.ದೊಡ್ಡಿ ಕಡೆಯ ಸರ್ಕಾರಿ ಪ್ರೌಢಶಾಲೆಯ ಒಂದು ಹೆಣ್ಣುಮಗು 625ಕ್ಕೆ 611 ತೆಗೆದಿದೆ ಅನ್ನಿ. ನಿಮ್ಮ ಕ್ಲಾಸಿಗೆ ಗಣಿತಕ್ಕೂ ವಿಜ್ಞಾನಕ್ಕೂ ಬರುತ್ತಿತ್ತು. ಈಗ ಆ 625 ಹೇಗೆ ಆಗಿದೆ ಅಂತ ಬಿಡಿಸಿ ನೋಡಿ, ಆದರೆ ಬಾಗಿಲು ಹಾಕಿಕೊಂಡು ನೋಡಿ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಪ್ರಥಮ ಭಾಷೆಯಲ್ಲಿ 25, ಉಳಿದವುಗಳಲ್ಲಿ 20ರಂತೆ ಆಂತರಿಕ ಅಂಕ. ಅಂದರೆ ಒಟ್ಟು 125 ಅಂಕ ಶಾಲೆಯೊಳಗೇ, ಶಾಲೆಯ ಮೇಷ್ಟ್ರುಗಳ ಕೈಯಲ್ಲೇ ತೀರ್ಮಾನವಾಗಿರುತ್ತದೆ. ಮಿಕ್ಕ 500ರಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜ ನಿಮಗೆ ಸಂಬಂಧವಿಲ್ಲ. ನೀವು ಕೈಯಾಡಿಸಿದ್ದು ಗಣಿತ 80, ವಿಜ್ಞಾನ 80, ಕೂಡಿದರೆ 160. ಆ 160ನ್ನೂ ಶಾಲೆಯಲ್ಲಿ ಇನ್ನಿಬ್ಬರು ಹಗಲೆಲ್ಲ ಕಲಿಸಿದ್ದಾರೆ, ಸಂಜೆ ವಿಶೇಷ ತರಗತಿ ಬೇರೆ ತೆಗೆದುಕೊಂಡಿದ್ದಾರೆ. ರಾತ್ರಿ ಹನ್ನೊಂದರವರೆಗೆ ಕೂತು ಓದಿದ್ದಂತೂ ಮಗುವೇ.

ಆದ್ದರಿಂದ ಫ್ಲೆಕ್ಸಿನ ಮೇಲೆ 611 ಅಂತಲೇ ಹಾಕಿ. ಗಣಿತ, ವಿಜ್ಞಾನದ ಅಂಕ ಬೇರೆ ಮಾಡಿ ತೋರಿಸಬೇಡಿ, ಪಾಲು ಕಾಣಿಸಿಬಿಡುತ್ತದೆ. ವಾಕ್ಯ ಹೀಗಿರಲಿ: ‘ನಮ್ಮ ಸಂಸ್ಥೆ ರೂಪಿಸಿದ ಪ್ರತಿಭೆ’. ಕರ್ತೃ ನೀವು, ಕರ್ಮ ಮಗು. ಶಾಲೆಯ ಹೆಸರು ಹಾಕಲೇಬೇಕಾದ ಇಕ್ಕಟ್ಟು ಬಂದರೆ ಮಗುವಿನ ಸಮವಸ್ತ್ರದ ಬ್ಯಾಡ್ಜಿನಲ್ಲಿ ಅರ್ಧ ಕಾಣುವ ಹಾಗೆ ಫೋಟೊ ಕತ್ತರಿಸಿ. ಅದೇ ಮಗುವಿನ ಫೋಟೊ ಶಾಲೆಯ ಬ್ಯಾನರಿನಲ್ಲೂ ಇರುತ್ತದೆ, ಇಂಗ್ಲಿಷ್ ಗ್ರಾಮರಿಗೆ ಬೇಸಿಗೆಯಲ್ಲಿ ಒಂದು ತಿಂಗಳು ಹೋಗಿದ್ದ ಇನ್ನೊಂದು ಟ್ಯೂಷನ್ನಿನ ಫ್ಲೆಕ್ಸಿನಲ್ಲೂ ಇರುತ್ತದೆ. ಮಂಡ್ಯದ ಸಂಜಯ ವೃತ್ತದಲ್ಲಿ ಒಂದೇ ಮುಖ ಮೂರು ಕಡೆ ನಗುತ್ತಿದ್ದರೆ ಗಾಬರಿಯಾಗಬೇಡಿ. ನಿಮ್ಮದನ್ನು ಉಳಿದೆರಡಕ್ಕಿಂತ ಎರಡಡಿ ಮೇಲಕ್ಕೆ ಕಟ್ಟಿಸಿ. (ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಕಟ್ಟುವವನಿಗೂ ಗೊತ್ತು, ಕಟ್ಟಿಸುವವರಿಗೂ ಗೊತ್ತು, ಕೆಳಗೆ ನಿಂತು ಓದುವ ನಗರಸಭೆಯವರಿಗೂ ಗೊತ್ತು. ಮುಂದಿನ ಹಂತಕ್ಕೆ ಹೋಗಿ.)

ಮಗು ಜಿಲ್ಲೆಗೆ ಮೊದಲು ಬಂದಿಲ್ಲವಾದರೆ ಜಿಲ್ಲೆಯನ್ನು ಸಣ್ಣದು ಮಾಡಿ. ನಮ್ಮ ಇಲಾಖೆ ಇದಕ್ಕೆ ತುಂಬ ಅನುಕೂಲ ಮಾಡಿಕೊಟ್ಟಿದೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಂಡ್ಯ ತಾಲ್ಲೂಕೇ ಉತ್ತರ ವಲಯ, ದಕ್ಷಿಣ ವಲಯ ಅಂತ ಎರಡು. ಹೀಗಾಗಿ ಒಂದೇ ತಾಲ್ಲೂಕಿಗೆ ಇಬ್ಬರು ಪ್ರಥಮರು ಸಹಜ. ಮದ್ದೂರು, ಮಳವಳ್ಳಿಗೆ ಆ ಭಾಗ್ಯ ಇಲ್ಲ, ಅಲ್ಲಿಯವರು ಹೋಬಳಿಗೆ ಇಳಿಯಿರಿ. ಹಲಗೂರು ಹೋಬಳಿಗೆ ಪ್ರಥಮ, ಕಿರುಗಾವಲಿಗೆ ಪ್ರಥಮ, ಅದೂ ಆಗದಿದ್ದರೆ ‘ಗ್ರಾಮೀಣ ಕನ್ನಡ ಮಾಧ್ಯಮ ಬಾಲಕರ ವಿಭಾಗದಲ್ಲಿ’ ಪ್ರಥಮ. ವಿಭಾಗವನ್ನು ಕಿರಿದು ಮಾಡುತ್ತಾ ಹೋದರೆ ಕೊನೆಗೆ ಎಲ್ಲ ಮಕ್ಕಳೂ ಯಾವುದಾದರೊಂದರಲ್ಲಿ ಪ್ರಥಮ ಬಂದೇ ಬರುತ್ತಾರೆ. ಆದರೆ ಎಲ್ಲರಿಗೂ ಇದನ್ನು ಮಾಡಬೇಡಿ, ಫೀಸು ಪೂರ್ತಿ ಕಟ್ಟಿದವರಿಗೆ ಮಾತ್ರ ಮಾಡಿ.

ಪಿಯುಸಿ, ಸಿಇಟಿ ನಡೆಸುವವರಿಗೆ ಇನ್ನೂ ಸುಲಭ. ಪರೀಕ್ಷಾ ಪ್ರಾಧಿಕಾರ ಸಿಇಟಿಯಲ್ಲಿ ಒಬ್ಬ ವಿದ್ಯಾರ್ಥಿಗೆ ಒಂದೇ ರ‍್ಯಾಂಕ್ ಕೊಡುವುದಿಲ್ಲ. ಎಂಜಿನಿಯರಿಂಗಿಗೆ ಒಂದು, ಕೃಷಿ ವಿಜ್ಞಾನಕ್ಕೆ ಒಂದು, ಪಶುವೈದ್ಯಕ್ಕೆ ಒಂದು, ಯೋಗ ಮತ್ತು ಪ್ರಕೃತಿ ಚಿಕಿತ್ಸೆಗೆ ಒಂದು, ಫಾರ್ಮಸಿಗೆ ಒಂದು, ನರ್ಸಿಂಗಿಗೆ ಒಂದು. ಚುರುಕಾದ ಒಬ್ಬಳೇ ಹುಡುಗಿ ಸಿಕ್ಕರೆ ಆರು ಚೌಕ ಮಾಡಿಸಿ, ಆರರಲ್ಲೂ ಅವಳದೇ ಫೋಟೊ ಹಾಕಿ. ಒಂದರಲ್ಲಿ ಜಡೆ ಮುಂದಕ್ಕೆ, ಒಂದರಲ್ಲಿ ಹಿಂದಕ್ಕೆ, ಒಂದರಲ್ಲಿ ಕನ್ನಡಕ. ಮೇಲೆ ‘ಆರು ರ‍್ಯಾಂಕುಗಳು’ ಅಂತ ಬರೆಯಿರಿ. ಸುಳ್ಳಲ್ಲ. ಜೆಇಇಯಲ್ಲಿ 92 ಪರ್ಸೆಂಟೈಲ್ ಬಂದವನಿಗೆ ‘92%’ ಹಾಕಿ. ನೂರಕ್ಕೆ ತೊಂಬತ್ತೆರಡು ಅಂಕ ಅಂತ ಅವನಪ್ಪ ತಿಳಿದುಕೊಂಡರೆ ಅದು ಅವರ ಸಂತೋಷ, ಯಾಕೆ ಕೆಡಿಸುತ್ತೀರಿ.

ಫೋಟೊಗಳ ಅಳತೆಯಲ್ಲಿ ಕೈ ಬಿಗಿ ಇರಲಿ. ಮೊದಲಿನವಳದು ನಾಲ್ಕಡಿ, ಎರಡು ಮೂರನೆಯವರದು ಒಂದೂವರೆ ಅಡಿ, ನಾಲ್ಕರಿಂದ ಇಪ್ಪತ್ತರವರೆಗೆ ಪಾಸ್‌ಪೋರ್ಟ್ ಅಳತೆ, ಉಳಿದವರು ‘ಮತ್ತು ಇತರರು’. ಅಂಕದ ಇಳಿಕೆ ಕ್ರಮ ತಪ್ಪಿಸಬೇಡಿ. ಅಕಾರಾದಿಯಾಗಿ ಹಾಕಿದರೆ ಯಾರು ಯಾರಿಗಿಂತ ಕೆಳಗೆ ಅಂತ ಓದುವವರಿಗೆ ಹೇಗೆ ತಿಳಿಯಬೇಕು? ಒಂದೇ ಬೀದಿಯ ಇಬ್ಬರು, ಒಂದೇ ಮನೆಯ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಇದ್ದರೆ ಪಕ್ಕಪಕ್ಕದಲ್ಲೇ ಹಾಕಿ, ಒಬ್ಬನ ಕೆಳಗೆ 598, ಇನ್ನೊಬ್ಬನ ಕೆಳಗೆ 431. ಹಬ್ಬದ ದಿನ ಆ ಮನೆಯಲ್ಲಿ ನಿಮ್ಮ ಕ್ಲಾಸಿನ ಹೆಸರು ಬರದೆ ಊಟ ಮುಗಿಯುವುದಿಲ್ಲ.

ಅರ್ಧವಾರ್ಷಿಕದಲ್ಲಿ ಗಣಿತಕ್ಕೆ 19 ತೆಗೆದಿದ್ದು, ಕೊನೆಗೆ 56 ತೆಗೆದ ಹುಡುಗ ಒಬ್ಬ ಇರುತ್ತಾನೆ. ನಿಜ ಹೇಳಬೇಕೆಂದರೆ ಇಡೀ ಕ್ಲಾಸಿನಲ್ಲಿ ನೀವು ಕಲಿಸಿದ್ದು ಏನಾದರೂ ಕಣ್ಣಿಗೆ ಕಾಣುತ್ತದೆ ಅಂದರೆ ಅದು ಅವನಲ್ಲಿ. 611ರ ಹುಡುಗಿ ಬರುವಾಗಲೇ 600ರ ಹುಡುಗಿಯಾಗಿದ್ದಳು. ಆದರೂ ಅವನ ಹೆಸರು ಎತ್ತಬೇಡಿ. 56 ಅನ್ನುವ ಅಂಕಿ ಫ್ಲೆಕ್ಸಿನ ಮೇಲೆ ಮಂಕಾಗಿ ಕಾಣುತ್ತದೆ. ಹೆಚ್ಚೆಂದರೆ ಅವನ ಅಮ್ಮ ಬಂದಾಗ ‘ಇನ್ನೂ ಚೆನ್ನಾಗಿ ಮಾಡಬಹುದಿತ್ತು’ ಅನ್ನಿ.

ಹೋಲಿಕೆಗೆ ವರ್ಷ ಆರಿಸುವಾಗ ಎಚ್ಚರವಿರಲಿ. 2021ರಲ್ಲಿ ಕೋವಿಡ್ ಕಾರಣಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನ, ಬರೀ ಬಹು ಆಯ್ಕೆ ಪ್ರಶ್ನೆ, ರಾಜ್ಯದ ಫಲಿತಾಂಶ 99.9. ಆ ವರ್ಷ ಪಾಸಾದವರನ್ನೆಲ್ಲ ನಿಮ್ಮ ‘ಪರಂಪರೆ’ಗೆ ಸೇರಿಸಿ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ 83.89 ಇದ್ದ ಫಲಿತಾಂಶ 73.40ಕ್ಕೆ ಬಿತ್ತು, ಅದೂ ಕೃಪಾಂಕವನ್ನು ಶೇಕಡಾ 20ಕ್ಕೆ ಏರಿಸಿದ ಮೇಲೆ. ಆ ವರ್ಷ ನಿಮ್ಮ ಕ್ಲಾಸೂ ಬಿದ್ದಿದ್ದರೆ ‘ರಾಜ್ಯಕ್ಕಿಂತ ಮುಂದೆ’ ಅಂತ ಬರೆಯಿರಿ, ಏರಿದ್ದರೆ ‘ಕಳೆದ ವರ್ಷಕ್ಕಿಂತ ಮುಂದೆ’ ಅಂತ ಬರೆಯಿರಿ. ಕ್ಯಾಮೆರಾ, ಕೃಪಾಂಕ, ಪ್ರಶ್ನೆಪತ್ರಿಕೆಯ ಗಡಸುತನ ಇವುಗಳ ಸುದ್ದಿ ಎತ್ತಬೇಡಿ. ಒಂದು ವರ್ಷದ ಮಕ್ಕಳನ್ನು ಇನ್ನೊಂದು ವರ್ಷದ ಮಕ್ಕಳಿಗೆ ಹೋಲಿಸಲು ಬರುವುದಿಲ್ಲ ಅಂತ ಒಮ್ಮೆ ಒಪ್ಪಿಕೊಂಡರೆ ಅರ್ಧ ಫ್ಲೆಕ್ಸು ಖಾಲಿಯಾಗುತ್ತದೆ.

ಕೊನೆಯ ಸಾಲು ತಂದೆತಾಯಿಗೆ. ‘ಇವರು ಸಾಧಿಸಿದ್ದಾರೆ. ನಿಮ್ಮ ಮಗು?’ ಪ್ರಶ್ನಾರ್ಥಕ ಚಿಹ್ನೆ ಕೆಂಪು ಬಣ್ಣದಲ್ಲಿರಲಿ. ಇದನ್ನು ಒಂಬತ್ತನೇ ತರಗತಿಯವರು ಬಸ್ಸಿಗೆ ಕಾಯುವ ಕಡೆ ಕಟ್ಟಿಸಿ. ಪರೀಕ್ಷೆ-2 ಇದೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು, ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡು ಮರುಮೌಲ್ಯಮಾಪನಕ್ಕೆ ಹಾಕಬಹುದು, ಇವೆಲ್ಲ ಫೇಲಾದವರಿಗೆ ಅದೇ ವಾರ ಬೇಕಾಗುವ ವಿಷಯಗಳು. ಮನಸ್ಸು ಕುಗ್ಗಿದ ಮಗು ಯಾವ ಹೊತ್ತಿನಲ್ಲಾದರೂ ಮಾತಾಡಬಹುದಾದ ಟೆಲಿ-ಮಾನಸ್ ಸಹಾಯವಾಣಿ 14416 ಕೂಡ ಇದೆ. ಐದಂಕಿಯ ನಂಬರು, ಹೆಚ್ಚು ಜಾಗ ಬೇಡ. ಆದರೂ ಹಾಕಬೇಡಿ. ಅದೇ ಜಾಗದಲ್ಲಿ ‘ಕೆಲವೇ ಸೀಟುಗಳು ಬಾಕಿ’ ಹಿಡಿಸುತ್ತದೆ.

ಕಾನೂನು ಗೊತ್ತಿರಲಿ, ತಪ್ಪಿಸಿಕೊಳ್ಳುವುದಕ್ಕಾದರೂ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಐವತ್ತಕ್ಕಿಂತ ಹೆಚ್ಚು ಮಕ್ಕಳಿರುವ ಕೇಂದ್ರಗಳಿಗೆ ಅದು ಅನ್ವಯ. ಹಾಗಾಗಿ ಯಾರಾದರೂ ಕೇಳಿಕೊಂಡು ಬಂದ ದಿನ ನಿಮ್ಮಲ್ಲಿರುವುದು 49 ಮಕ್ಕಳು, ಫ್ಲೆಕ್ಸಿನಲ್ಲಿ ಮಾತ್ರ 67. ಮಗುವಿನ ಫೋಟೊ, ಹೆಸರು ಬಳಸಲು ಲಿಖಿತ ಒಪ್ಪಿಗೆ ಬೇಕು, ಅದನ್ನು ಪಾಸಾದ ಮೇಲೆಯೇ ಪಡೆಯಬೇಕು ಅನ್ನುತ್ತದೆ ಆ ಮಾರ್ಗಸೂಚಿ. ನೀವು ಜೂನ್‌ನಲ್ಲೇ ಅಡ್ಮಿಷನ್ ಫಾರಂನ ಹಿಂಬದಿಗೆ, ಹದಿನಾಲ್ಕನೇ ನಿಬಂಧನೆಯಾಗಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಸೇರಿಸಿ ಸಹಿ ಹಾಕಿಸಿಟ್ಟುಕೊಳ್ಳಿ. ಯಾವ ಕೋರ್ಸು, ಎಷ್ಟು ದಿನ, ಫೀಸು ಕೊಟ್ಟದ್ದೋ ಉಚಿತವೋ ಅನ್ನುವುದನ್ನು ಫೋಟೊದ ಜೊತೆಗೇ ಹೇಳಬೇಕಂತೆ, ಷರತ್ತಿನ ಅಕ್ಷರಗಳು ದೊಡ್ಡಸ್ತಿಕೆಯ ಅಕ್ಷರಗಳಷ್ಟೇ ದೊಡ್ಡದಿರಬೇಕಂತೆ. ದೆಹಲಿಯ ದೊಡ್ಡ ಸಂಸ್ಥೆಗಳು ಬರೀ ಉಚಿತ ಸಂದರ್ಶನ ತಯಾರಿಗೆ ಬಂದ ಐಎಎಸ್ ಅಭ್ಯರ್ಥಿಗಳನ್ನು ಪೂರ್ತಿ ತಮ್ಮವರೇ ಅಂತ ತೋರಿಸಿ ಲಕ್ಷಗಟ್ಟಲೆ ದಂಡ ಕಟ್ಟಿದ ಮೇಲೆ ಬಂದ ನಿಯಮ ಇದು. ಶಿಕ್ಷಣ ಸಚಿವಾಲಯದ ಅದೇ ವರ್ಷದ ಜನವರಿಯ ಮಾರ್ಗಸೂಚಿಯೋ ಇನ್ನೂ ಮುಂದೆ ಹೋಗಿ, ಹದಿನಾರು ತುಂಬದವರನ್ನು ಕೋಚಿಂಗಿಗೇ ಸೇರಿಸಬೇಡಿ, ಅಂಕ ರ‍್ಯಾಂಕಿನ ಭರವಸೆ ಕೊಡಬೇಡಿ ಅನ್ನುತ್ತದೆ. ಅದನ್ನು ಓದಿದ ದಿನ ನಿಮ್ಮ ಬೋರ್ಡಿನಲ್ಲಿರುವ ‘ಕೋಚಿಂಗ್’ ಅಳಿಸಿ ‘ಮನೆಪಾಠ’ ಅಂತ ಬರೆಸಿ.

ಹೇಗೆ ಬರೆಯಬಾರದು ಅನ್ನುವುದಕ್ಕೂ ಒಂದು ನಮೂನೆ ಬೇಕಲ್ಲ. ಅನುಭವವಿಲ್ಲದ ಮೇಷ್ಟ್ರ ಕೈಗೆ ಮೇಲಿನ ಅದೇ 60 ಮಕ್ಕಳ ಕ್ಲಾಸು ಕೊಟ್ಟರೆ ಹೀಗೆ ಬರೆದು ಕೆಡಿಸುತ್ತಾನೆ:

‘ಈ ವರ್ಷ ಜೂನ್‌ನಿಂದ ನಮ್ಮಲ್ಲಿ ಗಣಿತ, ವಿಜ್ಞಾನ ಕಲಿತವರು 60 ಮಂದಿ. ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ 49 ಮಂದಿ ಪಾಸಾಗಿದ್ದಾರೆ. ಉಳಿದ 11 ಮಂದಿಗೆ ಸೋಮವಾರದಿಂದ ಬೆಳಗ್ಗೆ ಏಳಕ್ಕೆ ಪರೀಕ್ಷೆ-2ರ ಪಾಠ, ಫೀಸಿಲ್ಲ. ಹದಿನೈದು ದಿನಕ್ಕೆ ಬಂದ 20 ಮಂದಿಯನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಓದಿದವರು ಮಕ್ಕಳು, ಆರೂ ವಿಷಯ ಕಲಿಸಿದವರು ಅವರವರ ಶಾಲೆಯವರು, ಎರಡು ವಿಷಯಕ್ಕೆ ನಾವು ಜೊತೆಗಿದ್ದೆವು. ಒಪ್ಪಿದವರ ಹೆಸರು, ಶಾಲೆ ಅಕಾರಾದಿಯಾಗಿ ಕೆಳಗಿದೆ. ಅಂಕ ಹಾಕಿಲ್ಲ, ಬೇಕಿದ್ದವರು ಮಕ್ಕಳನ್ನೇ ಕೇಳಿ, ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು.’

ನೋಡಿದಿರಾ? ಮೊದಲ ವಾಕ್ಯದಲ್ಲೇ ಭಾಜಕ ಬಿಟ್ಟುಕೊಟ್ಟ. ಎರಡನೆಯದರಲ್ಲಿ 82ಕ್ಕೆ ಇಳಿದ. ಮೂರನೆಯದರಲ್ಲಿ ಬಿಟ್ಟಿ ಪಾಠಕ್ಕೆ ಮಾತು ಕೊಟ್ಟ. ಐದನೆಯದರಲ್ಲಿ ಶಾಲೆಯವರನ್ನು ಹೊಗಳಿದ. 611ರ ಹುಡುಗಿ ತನ್ನ ಗೆಳತಿಯ ಹೆಸರಿನ ಕೆಳಗೆ, ಅದೇ ಅಳತೆಯ ಅಕ್ಷರದಲ್ಲಿ ನಿಂತಿದ್ದಾಳೆ. 56ರ ಹುಡುಗನೂ ಅಲ್ಲೇ ಇದ್ದಾನೆ, ಅವನಮ್ಮ ಅದರ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡಿದ್ದಾಳೆ. ಇಷ್ಟೆಲ್ಲ ಬರೆದು ಫೋನ್ ನಂಬರು ಹಾಕುವುದನ್ನು ಬೇರೆ ಮರೆತಿದ್ದಾನೆ. ಇಂಥವರ ಕ್ಲಾಸು ನಡೆಯುವುದೇ ಇಲ್ಲ ಅಂತ ಹೇಳಲಾರೆ. ನಡೆಯುತ್ತದೆ, ಆದರೆ ಒಂದೇ ಮಹಡಿಯಲ್ಲಿ ನಡೆಯುತ್ತದೆ.

ಫ್ಲೆಕ್ಸು ಕಟ್ಟಿದ ಮೂರನೇ ದಿನಕ್ಕೆ ಫೋನ್ ಬರುತ್ತದೆ, ತಯಾರಾಗಿರಿ. ಮಳವಳ್ಳಿ ಕಡೆಯ ಒಬ್ಬ ತಾಯಿ ಅನ್ನಿ.

‘ಸಾ, ಬಸ್‌ಸ್ಟ್ಯಾಂಡ್ ತಾವ ನಮ್ ಮಗೀನ್ ಫೋಟ ಹಾಕಿದೀರಲ್ಲ, ಅದು ನಿಮ್ತಾವ ಓದ್ಲೇ ಇಲ್ವಲ್ಲ ಸಾ?’

ಗಾಬರಿಯಾಗದೆ ಉತ್ತರಿಸಿ: ‘ಡೆಮೊ ಕ್ಲಾಸಿಗೆ ಬಂದಿತ್ತಲ್ಲ ಕಣವ್ವ, ಎರಡು ಗಂಟೆ ಕೂತಿತ್ತು.’

‘ಅದ್ ಸರಿ ಬುಡಿ, ಅವತ್ತು ಅವಳು ಅಕ್ಕನ್ ಜೊತೆಗ್ ಬಂದಿದ್ಲು, ಏಳ್ನೇ ಕ್ಲಾಸಲ್ಲಿದ್ಲು.’

‘ಅವತ್ತೇ ಗುರುತು ಹಿಡಿದೆ ಕಣವ್ವ’ ಅನ್ನಿ. ಫ್ಲೆಕ್ಸ್ ಇಳಿಸುತ್ತೇನೆ ಅನ್ನಬೇಡಿ, ‘ಮಳೆ ಬರಲಿ’ ಅನ್ನಿ. ಅಕ್ಕ ಈಗ ಏನು ಓದುತ್ತಿದ್ದಾಳೆ, ಮನೆಯಲ್ಲಿ ಇನ್ನೂ ಚಿಕ್ಕವರಿದ್ದಾರಾ ಅಂತ ವಿಚಾರಿಸಿ, ಇದ್ದರೆ ಶೇಕಡಾ ಹತ್ತು ರಿಯಾಯಿತಿ ಹೇಳಿ ಹೆಸರು ಬರೆದುಕೊಳ್ಳಿ.

ಹಳೇ ಫ್ಲೆಕ್ಸು ಬಿಸಾಡಬೇಡಿ. ಮಗುವಿನ ಅಪ್ಪ ‘ಮನೇಲಿ ಇಟ್ಕೋತೀವಿ’ ಅಂತ ಕೇಳಿದರೆ ಕಟೌಟಿನ ಖರ್ಚು ಹೇಳಿ. ಅವರು ಸುಮ್ಮನಾದರೆ ಆಲೆಮನೆಯವರಿಗೆ ಚದರ ಅಡಿ ಲೆಕ್ಕದಲ್ಲಿ ಕೊಟ್ಟುಬಿಡಿ, ಸೂರಿಗೆ ಹೊದಿಸಿಕೊಳ್ಳುತ್ತಾರೆ. ಬಂದ ದುಡ್ಡನ್ನು ಪ್ರಿಂಟಿಂಗ್ ಅಂಗಡಿಯಲ್ಲಿ ಮುಂದಿನ ವರ್ಷದ ಖಾತೆಗೆ ಜಮಾ ಮಾಡಿಸಿ, ಇಸವಿ ಒಂದನ್ನು ಬದಲಾಯಿಸಲು ಹೇಳಿ ಬನ್ನಿ.